ಮಕ್ಕಳ ವಾರ್ಡಿನ ಕೇಸ್ ಶೀಟ್: ಬಿಎಂಐ, ಬಿಎಸ್‌ಎ, ದಿನದ ದ್ರವದ ಲೆಕ್ಕ ತಾಳೆ ನೋಡಿದ ಕತೆ

ಶಿವಮೊಗ್ಗದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮಲ್ಲಿ ಮಗು ಅಡ್ಮಿಟ್ ಆದ ಕೂಡಲೇ ತೂಕ, ಎತ್ತರ ನೋಡಿ ಕಂಪ್ಯೂಟರಿಗೆ ಹಾಕುತ್ತೇವೆ. ಸಾಫ್ಟ್‌ವೇರ್ ತಾನೇ ಮೂರು ಅಂಕಿ ಲೆಕ್ಕ ಹಾಕಿ ಕೇಸ್ ಶೀಟಿನ ಮೇಲ್ಭಾಗದಲ್ಲಿ ಅಚ್ಚು ಹಾಕುತ್ತದೆ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೊಂದುತ್ತದೆಯೇ ಅಂತ ನೋಡುವ ಅಂಕಿ. ಬಿಎಸ್‌ಎ, ಅಂದರೆ ಮೈಯ ಹೊರಮೈ ಎಷ್ಟು ಚದರ ಮೀಟರ್ ಅನ್ನುವುದು. ಮೂರನೆಯದು, ಬಾಯಿಂದ ಏನೂ ತೆಗೆದುಕೊಳ್ಳದ ಮಗುವಿಗೆ ದಿನಕ್ಕೆ ಎಷ್ಟು ಮಿಲಿಲೀಟರ್ ದ್ರವ ಬೇಕು ಅನ್ನುವುದು. ಒಂದು ಶೀಟಿನಲ್ಲಿ ಈ ಮೂರೂ ಒಂದಕ್ಕೊಂದು ಹೊಂದದೇ ಇದ್ದಾಗ ಶುರುವಾದ ಕೆಲಸ ಇದು. ಈಗ ಒಂದು ಹಂತಕ್ಕೆ ಬಂದಿದೆ. ಬೇರೆ ವಾರ್ಡಿನವರಿಗೂ ಉಪಯೋಗಕ್ಕೆ ಬರಲಿ ಅಂತ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಮಗುವಿನ ಗುರುತು ಹಿಡಿಯುವಂಥದ್ದು ಏನನ್ನೂ ಬರೆದಿಲ್ಲ.

ಬೇಕಾದ ಸಾಮಾನು: ಒಂದು ಕ್ಯಾಲ್ಕುಲೇಟರ್, ಎಕ್ಸೆಲ್ ಇರುವ ಕಂಪ್ಯೂಟರ್, ಒಂದು ಸ್ಟೀಲ್ ಟೇಪು (150 ರೂಪಾಯಿ), ಬಡಗಿಯಿಂದ ಮಾಡಿಸಿದ ಒಂದು ಮರದ ಮೂಲೆಮಟ್ಟ (200 ರೂಪಾಯಿ), ಮತ್ತೆ ಸಾಲ ತಂದ ಎರಡು ತೂಕದ ಕಲ್ಲು. ಕಲ್ಲಿನ ವಿಷಯ ಮುಂದೆ ಹೇಳುತ್ತೇನೆ.

ಹಂತ 1: ಕೈಲೆಕ್ಕ

ಹುಡುಗಿಗೆ 7 ವರ್ಷ. ತೀರ್ಥಹಳ್ಳಿ ಕಡೆಯವರು. ಅಪೆಂಡಿಕ್ಸ್ ಆಪರೇಷನ್‌ಗೆ ಅಂತ ಬಾಯಿಗೆ ನೀರೂ ಕೊಡದೆ ಇಟ್ಟಿದ್ದೆವು. ಶೀಟಿನಲ್ಲಿ ತೂಕ 22 ಕೆಜಿ, ಎತ್ತರ 118 ಸೆಂಟಿಮೀಟರ್ ಅಂತ ಇತ್ತು. ಕೆಳಗೆ ಅಚ್ಚಾಗಿದ್ದ ಅಂಕಿಗಳು: ಬಿಎಂಐ 15.8, ಬಿಎಸ್‌ಎ 0.77, ದಿನದ ದ್ರವ 1450 ಮಿಲಿ.

ಡ್ರಿಪ್ ವೇಗ ಹೊಂದಿಸುವ ಮೊದಲು ದ್ರವದ ಲೆಕ್ಕವನ್ನು ನಾನು ಬಾಯಲ್ಲೇ ಹಾಕಿ ನೋಡುತ್ತೇನೆ. ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿಯಂತೆ 1000. ಮುಂದಿನ 10 ಕೆಜಿಗೆ 50ರಂತೆ 500. ಆಮೇಲೆ ಉಳಿದ ಪ್ರತಿ ಕೆಜಿಗೆ 20. ಈ ಹುಡುಗಿಗೆ ಉಳಿದದ್ದು 2 ಕೆಜಿ, ಅಂದರೆ 40. ಒಟ್ಟು 1540 ಮಿಲಿ. ಶೀಟಿನಲ್ಲಿ 1450 ಇತ್ತು. ಮೊದಲು 4 ಮತ್ತು 5 ಅದಲುಬದಲಾಗಿವೆ ಅನ್ನಿಸಿತು. ಆದರೆ ಇದು ಯಾರೋ ಕೈಯಲ್ಲಿ ಬರೆದದ್ದಲ್ಲ, ಯಂತ್ರ ಅಚ್ಚು ಹಾಕಿದ್ದು. ಯಂತ್ರ ಅಂಕಿ ಅದಲುಬದಲು ಮಾಡುವುದಿಲ್ಲ.

ಈ 100-50-20 ಲೆಕ್ಕ ಹಾಲಿಡೇ ಮತ್ತು ಸೆಗಾರ್ ಅನ್ನುವ ಇಬ್ಬರು ವೈದ್ಯರು 1957ರಲ್ಲಿ ಕೊಟ್ಟದ್ದು. ನಮ್ಮ ಸೊರಬದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ, ಹಾಗಾಗಿ ಇಸವಿ ನನಗೆ ಮರೆಯುವುದೇ ಇಲ್ಲ.

ಇನ್ನೆರಡನ್ನೂ ಕೈಯಲ್ಲೇ ಹಾಕಿದೆ. ಬಿಎಂಐಗೆ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. 22ನ್ನು 1.18ರಿಂದ ಎರಡು ಸಲ ಭಾಗಿಸಿದರೆ 15.8. ಇದು ಸರಿ ಇತ್ತು. ಬಿಎಸ್‌ಎಗೆ ನಾವು ಬಳಸುವುದು ಮೋಸ್ಟೆಲರ್ ಸೂತ್ರ, 1987ರದ್ದು. ಸೆಂಟಿಮೀಟರ್ ಎತ್ತರವನ್ನು ಕೆಜಿ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು.

```
BMI = W / (H/100)^2      = 22 / 1.18^2           = 15.8
BSA = sqrt(H * W / 3600) = sqrt(118 * 22 / 3600) = 0.85
```

0.85 ಬರಬೇಕಾದಲ್ಲಿ 0.77 ಇತ್ತು. ಮೂರರಲ್ಲಿ ಒಂದು ಸರಿ, ಎರಡು ತಪ್ಪು. ಡಾಕ್ಟರಿಗೆ ತೋರಿಸಿದೆ. ಅವರು ಶೀಟಿನ ಮೇಲೆ ಕೈಯಲ್ಲೇ ತಿದ್ದಿ ಸಹಿ ಹಾಕಿದರು. ಗಂಟೆಗೆ 64 ಮಿಲಿಯಂತೆ ಡ್ರಿಪ್ ಶುರು ಮಾಡಿದೆವು. ಮಗುವಿನ ಮಟ್ಟಿಗೆ ತೊಂದರೆ ಅಲ್ಲಿಗೆ ಮುಗಿಯಿತು. ದಿನಕ್ಕೆ 90 ಮಿಲಿ ಹೆಚ್ಚುಕಡಿಮೆ ಆಗಿದ್ದರೂ ಆ ಮಗುವಿಗೆ ದೊಡ್ಡ ಅಪಾಯ ಏನೂ ಇರಲಿಲ್ಲ, ಅದನ್ನು ಇದ್ದ ಹಾಗೆ ಹೇಳಬೇಕು. ನನ್ನ ಚಿಂತೆ ಬಿಎಸ್‌ಎ ಬಗ್ಗೆ. ಅದೇ ವಾರ್ಡಿನಲ್ಲಿ ನೆಫ್ರೋಟಿಕ್ ಮಕ್ಕಳು ಇರುತ್ತಾರೆ, ಮೂತ್ರದಲ್ಲಿ ಪ್ರೋಟೀನ್ ಹೋಗಿ ಮೈ ಊದಿಕೊಂಡವರು. ಅವರಿಗೆ ಪ್ರೆಡ್ನಿಸೊಲೋನ್ ಶುರು ಮಾಡುವಾಗ ಚದರ ಮೀಟರಿಗೆ 60 ಮಿಲಿಗ್ರಾಂ ಅಂತ ಲೆಕ್ಕ. 0.85ಕ್ಕೆ 51 ಮಿಲಿಗ್ರಾಂ ಆಗುತ್ತದೆ, 0.77ಕ್ಕೆ 46. ವಾರಗಟ್ಟಲೆ ಕೊಡುವ ಔಷಧಿಯಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ ಬೀಳುವುದು ಸಣ್ಣ ವಿಷಯ ಅಲ್ಲ.

ಜೊತೆಗಿದ್ದ ಸಿಸ್ಟರ್ "ಸೂತ್ರ ಬೇರೆ ಇರಬಹುದು ಮಾರಾಯ್ತಿ, ಬಿಎಸ್‌ಎಗೆ ನಾಲ್ಕಾರು ಸೂತ್ರ ಇದಾವಲ್ಲ" ಅಂದರು. ಮಾತು ನ್ಯಾಯವೇ. ಹಾಗಾಗಿ 1916ರ ಡುಬಾಯ್ ಸೂತ್ರ, 1978ರ ಹೇಕಾಕ್ ಸೂತ್ರ ಎರಡರಲ್ಲೂ ಹಾಕಿ ನೋಡಿದೆ. ಈ ಮಗುವಿಗೆ ಎರಡರಲ್ಲೂ 0.85 ಬಂತು. ಸೂತ್ರಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ತೀರಾ ಸಣ್ಣ ಮಕ್ಕಳಲ್ಲಿ. 4 ಕೆಜಿ, 53 ಸೆಂಟಿಮೀಟರ್ ಇರುವ ಕೂಸಿಗೆ ಡುಬಾಯ್ 0.23 ಕೊಟ್ಟರೆ ಹೇಕಾಕ್ 0.25 ಕೊಡುತ್ತದೆ, ಮೋಸ್ಟೆಲರ್ ನಡುವೆ 0.24ರಲ್ಲಿ ನಿಲ್ಲುತ್ತದೆ. 7 ವರ್ಷದ ಮಗುವಿನಲ್ಲಿ 0.85 ಇದ್ದದ್ದು 0.77 ಆಗಿದ್ದರೆ ಸೂತ್ರದ ಮೇಲೆ ಹಾಕುವ ಹಾಗಿಲ್ಲ.

ಹಂತ 2: ಉತ್ತರದಿಂದ ಹಿಂದಕ್ಕೆ ಹೋದದ್ದು

ಇಡೀ ಕೆಲಸದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇದು. ಅಂಕಿ ತಪ್ಪಿದೆ ಅಂತ ಗೊತ್ತಾದರೆ ಸಾಲದು. ಯಂತ್ರ ಯಾವ ತೂಕ, ಯಾವ ಎತ್ತರ ಇಟ್ಟುಕೊಂಡು ಆ ಅಂಕಿ ತಂದಿದೆ ಅಂತ ಅಂಕಿಯಿಂದಲೇ ಕಂಡುಹಿಡಿಯಬಹುದು.

ದ್ರವದ ಲೆಕ್ಕದಲ್ಲಿ ಎತ್ತರಕ್ಕೆ ಕೆಲಸವೇ ಇಲ್ಲ, ಬರೀ ತೂಕ. ಹಾಗಾಗಿ ಅಲ್ಲಿಂದ ಶುರು ಮಾಡಿದೆ. 1450ರಲ್ಲಿ ಮೊದಲ 1000 ಹೋದರೆ 450. ಅದನ್ನು 50ರಿಂದ ಭಾಗಿಸಿದರೆ 9. ಅಂದರೆ ಯಂತ್ರ ಹಿಡಿದ ತೂಕ 19 ಕೆಜಿ. ಶೀಟಿನ ಮೇಲೆ ಬರೆದ 22 ಅಲ್ಲ.

ಆಮೇಲೆ ಬಿಎಂಐ. 15.8ನ್ನು 1.18ರಿಂದ ಎರಡು ಸಲ ಗುಣಿಸಿದರೆ 22. ಇದು ಹೊಸ ತೂಕವನ್ನೇ ಹಿಡಿದಿದೆ.

ಇನ್ನು ಬಿಎಸ್‌ಎ. 0.77ನ್ನು 0.77ರಿಂದ ಗುಣಿಸಿ, 3600ರಿಂದ ಗುಣಿಸಿದರೆ 2134. ಎತ್ತರ ಮತ್ತು ತೂಕದ ಗುಣಲಬ್ಧ ಅದು. 118ರಿಂದ ಭಾಗಿಸಿದೆ, 18.1 ಬಂತು. ಇಲ್ಲಿ ಸ್ವಲ್ಪ ಹೊತ್ತು ತಲೆ ಕೆಟ್ಟಿತು. ದ್ರವ 19 ಅನ್ನುತ್ತದೆ, ಬಿಎಸ್‌ಎ 18.1 ಅನ್ನುತ್ತದೆ. ಎರಡೂ ಹಳೆ ತೂಕ ಹಿಡಿದಿದ್ದರೆ ಒಂದೇ ಅಂಕಿ ಬರಬೇಕಿತ್ತು. ಎರಡು ದಶಮಾಂಶಕ್ಕೆ ಮೊಟಕು ಮಾಡಿದ್ದರಿಂದ ಬರುವ ವ್ಯತ್ಯಾಸ ಇಲ್ಲಿ ಕಾಲು ಕೆಜಿ ಒಳಗೇ ಇರುತ್ತದೆ, ಒಂದು ಕೆಜಿ ಆಗುವುದಿಲ್ಲ.

ಹಾಗಾದರೆ ಎತ್ತರವೂ ಬೇರೆ ಇರಬೇಕು ಅಲ್ವಾ? 2134ನ್ನು 118ರ ಬದಲು 19ರಿಂದ ಭಾಗಿಸಿದೆ. 112.3 ಬಂತು. ರೆಕಾರ್ಡ್ ರೂಮಿನಿಂದ ಮಗುವಿನ ಹಳೆ ಓಪಿಡಿ ಫೈಲು ತರಿಸಿದೆ. ಹೋದ ವರ್ಷದ ಮಳೆಗಾಲದಲ್ಲಿ ಜ್ವರಕ್ಕೆ ಅಂತ ತೋರಿಸಿಕೊಂಡು ಹೋಗಿದ್ದರು. ಅದರಲ್ಲಿ ತೂಕ 19, ಎತ್ತರ 112. ಅಲ್ಲಿಗೆ ಗಂಟು ಬಿಚ್ಚಿತು. ಬಿಎಂಐ ಇವತ್ತಿನದು, ಬಿಎಸ್‌ಎ ಮತ್ತು ದ್ರವ ಹೋದ ವರ್ಷದ್ದು. ಮೂರೂ ಒಂದೇ ಹಾಳೆಯ ಮೇಲೆ, ಇವತ್ತಿನ ತಾರೀಖಿನಡಿ.

ಹಂತ 3: ಯಾಕೆ ಹೀಗಾಗುತ್ತದೆ ಅಂತ ಹುಡುಕಿದ್ದು

ಕಂಪ್ಯೂಟರ್ ವಿಭಾಗದ ಹುಡುಗನ ಜೊತೆ ಕೂತು ಟೆಸ್ಟ್ ರೋಗಿಯ ಹೆಸರಿನಲ್ಲಿ ಹಾಕಿ ನೋಡಿದೆವು. ನಮ್ಮ ಸಾಫ್ಟ್‌ವೇರಿನಲ್ಲಿ ತೂಕ ಹಾಕಲು ಎರಡು ಜಾಗ ಇವೆ. ಒಂದು ನೋಂದಣಿ ಪುಟ, ಇನ್ನೊಂದು ನರ್ಸಿಂಗ್ ಪುಟ. ಬಿಎಂಐ ಪ್ರತಿ ಸಲ ಪುಟ ತೆರೆದಾಗ ಹೊಸದಾಗಿ ಲೆಕ್ಕ ಆಗುತ್ತದೆ, ಹಾಗಾಗಿ ಅದು ಯಾವಾಗಲೂ ಸರಿ. ಬಿಎಸ್‌ಎ ಮತ್ತು ದ್ರವ ಮಾತ್ರ ನೋಂದಣಿ ಪುಟದಲ್ಲಿ ಸೇವ್ ಒತ್ತಿದಾಗ ಒಂದು ಸಲ ಲೆಕ್ಕ ಆಗಿ ಹಾಗೇ ಕೂತುಬಿಡುತ್ತವೆ. ನರ್ಸಿಂಗ್ ಪುಟದಲ್ಲಿ ನಾವು ತೂಕ ಎಷ್ಟು ಬದಲಿಸಿದರೂ ಅವು ಕದಲುವುದಿಲ್ಲ. ಮೊದಲ ಸಲ ಬಂದ ಮಗುವಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಹಳೆ ಅಂಕಿಯೇ ಇರುವುದಿಲ್ಲ. ಎರಡನೇ ಸಲ ಬಂದವರಲ್ಲಿ ಮಾತ್ರ ಕಾಣುತ್ತದೆ.

ಅಪಾಯ ಎಲ್ಲಿ ಅಂತ ಯೋಚಿಸಿದರೆ ಅದು ದೊಡ್ಡ ಮಕ್ಕಳಲ್ಲಿ ಅಲ್ಲ. ಒಂದು ವರ್ಷದೊಳಗಿನ ಕೂಸುಗಳಲ್ಲಿ. ನಾಲ್ಕು ತಿಂಗಳಲ್ಲಿ 6 ಕೆಜಿ ಇದ್ದ ಮಗು ವರ್ಷ ತುಂಬುವಾಗ 9 ಕೆಜಿ ಆಗಿರುತ್ತದೆ. ದ್ರವ 900 ಇರಬೇಕಾದಲ್ಲಿ ಶೀಟಿನಲ್ಲಿ 600 ಅಂತಲೇ ಇರುತ್ತದೆ. ಮೂರರಲ್ಲಿ ಒಂದು ಪಾಲು ಕಡಿಮೆ. 10 ಕೆಜಿ ಒಳಗಿನ ಮಕ್ಕಳಿಗೆ ಪ್ರತಿ ಕೆಜಿಗೂ 100 ಮಿಲಿ ಲೆಕ್ಕ ಆದ್ದರಿಂದ ತೂಕದ ತಪ್ಪು ಪೂರ್ತಿ ದ್ರವದ ಮೇಲೆ ಬೀಳುತ್ತದೆ. 20 ಕೆಜಿ ದಾಟಿದವರಲ್ಲಿ ಅದೇ ಒಂದು ಕೆಜಿ ತಪ್ಪಿಗೆ ಬರೀ 20 ಮಿಲಿ.

ಇದರ ಜೊತೆ ಇನ್ನೊಂದು ಸಿಕ್ಕಿತು. ಬಿಎಂಐ 15.8ರ ಪಕ್ಕ `Underweight` ಅಂತ ಅಚ್ಚಾಗಿತ್ತು. ಹುಡುಗಿಯ ಅಮ್ಮ ಅದನ್ನು ಓದಿ ಗಾಬರಿಯಾಗಿದ್ದರು. "ಸಿಸ್ಟರ್, ತೂಕ ಕಮ್ಮಿ ಅಂತ ಬಂದಿದೆಯಲ್ಲ, ನಾವು ಊಟಕ್ಕೆ ಏನೂ ಕಡಿಮೆ ಮಾಡಿಲ್ಲ" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಅವರನ್ನು ಕೂರಿಸಿ ಹೇಳಿದೆ: ಯಂತ್ರ ದೊಡ್ಡವರ ಗಡಿ ಹಿಡಿದು ಹೇಳುತ್ತಿದೆ, 18.5ರ ಕೆಳಗೆ ಬಂದರೆ ತೂಕ ಕಡಿಮೆ ಅಂತ. ಆ ಗಡಿ ಮಕ್ಕಳಿಗಲ್ಲ. 7 ವರ್ಷದ ಹುಡುಗಿಗೆ 15.8 ಆರಾಮಾದ ಅಂಕಿ. 5 ವರ್ಷ ದಾಟಿದ ಮಕ್ಕಳ ಬಿಎಂಐಯನ್ನು ವಯಸ್ಸು, ಹುಡುಗ ಹುಡುಗಿ ನೋಡಿ ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿಯ 2015ರ ಚಾರ್ಟಿನಲ್ಲಿ ಗುರುತು ಹಾಕಬೇಕು. ಅಂಕಿ ಸರಿ ಇದ್ದೂ ಅದರ ಪಕ್ಕದ ಮಾತು ತಪ್ಪಿರಬಹುದು. ಈ ಮಾತನ್ನು 18 ವರ್ಷದೊಳಗಿನವರಿಗೆ ಅಚ್ಚು ಹಾಕುವುದನ್ನೇ ನಿಲ್ಲಿಸಿ ಅಂತ ಬರೆದು ಕೊಟ್ಟೆವು. ಅದು ಬೇಗ ಆಯಿತು.

ಹಂತ 4: ಬೇಕಂತಲೇ ತಪ್ಪು ಹಾಕಿ ನೋಡಿದ್ದು

ಹಳೆ ಅಂಕಿ ಕೂತಿರುವುದು ಒಂದು ಬಗೆಯ ತಪ್ಪು. ಬೇರೆ ತಪ್ಪುಗಳು ಮೂರು ಅಂಕಿಗಳ ಮೇಲೆ ಹೇಗೆ ಕಾಣುತ್ತವೆ ಅಂತ ತಿಳಿಯಬೇಕಿತ್ತು. ಟೆಸ್ಟ್ ರೋಗಿಗೆ ಇದೇ ಹುಡುಗಿಯ ಅಳತೆ ಕೊಟ್ಟು, ಒಂದೊಂದೇ ತಪ್ಪು ಹಾಕಿದೆ. ಸರಿಯಾದದ್ದು 15.8, 0.85, 1540 ಅನ್ನುವುದು ನೆನಪಿರಲಿ.

ಎತ್ತರ 118ರ ಬದಲು 108 ಒತ್ತಿದೆ. ಬಿಎಂಐ 18.9ಕ್ಕೆ ಹಾರಿತು. ಬಿಎಸ್‌ಎ 0.81ಕ್ಕೆ ಇಳಿಯಿತು, ಅಷ್ಟೇ. ದ್ರವ ಅಲ್ಲಾಡಲಿಲ್ಲ. ಎತ್ತರದ ತಪ್ಪು ಬಿಎಂಐಯಲ್ಲಿ ಇಮ್ಮಡಿಯಾಗಿ ಕಾಣುತ್ತದೆ, ಬಿಎಸ್‌ಎಯಲ್ಲಿ ಅರ್ಧಕ್ಕೆ ಇಳಿಯುತ್ತದೆ.

ತೂಕದ ಯಂತ್ರದ ಹಿಂದೆ ಕೆಜಿಯಿಂದ ಪೌಂಡಿಗೆ ಹೋಗುವ ಗುಂಡಿ ಇದೆ. ಮಕ್ಕಳು ಒತ್ತಿಬಿಡುತ್ತಾರೆ. 22 ಕೆಜಿ ಅಂದರೆ 48.5 ಪೌಂಡು. ಅದನ್ನೇ ಕೆಜಿ ಅಂತ ಹಾಕಿದೆ. ಬಿಎಂಐ 34.8, ಬಿಎಸ್‌ಎ 1.26, ದ್ರವ 2070. ಮೂರೂ ಒಟ್ಟಿಗೆ ಮೇಲೆ ಹೋದವು. ಮೂರೂ ಏರಿದರೆ ತೂಕದ್ದೇ ತಪ್ಪು.

ಮೂರನೆಯದು ನನಗೆ ಆಶ್ಚರ್ಯ ತಂದದ್ದು. ಅವಸರದಲ್ಲಿ ತೂಕದ ಜಾಗದಲ್ಲಿ ಎತ್ತರ, ಎತ್ತರದ ಜಾಗದಲ್ಲಿ ತೂಕ ಹಾಕಿಬಿಡುತ್ತಾರೆ. ಹಾಗೆ ಹಾಕಿದೆ, 118 ಕೆಜಿ, 22 ಸೆಂಟಿಮೀಟರ್ ಅಂತ. ಬಿಎಂಐ 2438 ಬಂತು. ದ್ರವ 3460. ಆದರೆ ಬಿಎಸ್‌ಎ ಅದೇ 0.85! ಒಂದು ಕ್ಷಣ ಯಂತ್ರ ಕೆಟ್ಟಿದೆಯೇ ಅಂತ ನೋಡಿದೆ. ಆಮೇಲೆ ಹೊಳೆಯಿತು. ಮೋಸ್ಟೆಲರ್ ಸೂತ್ರದಲ್ಲಿ ಎರಡನ್ನೂ ಗುಣಿಸುವುದು ಅಷ್ಟೇ. 118ನ್ನು 22ರಿಂದ ಗುಣಿಸಿದರೂ, 22ನ್ನು 118ರಿಂದ ಗುಣಿಸಿದರೂ ಒಂದೇ. ಹಾಗಾಗಿ ಬಿಎಸ್‌ಎ ಸರಿ ಇದೆ ಅಂತ ಉಳಿದದ್ದನ್ನು ನಂಬುವ ಹಾಗಿಲ್ಲ. ಔಷಧಿ ವಿಭಾಗದವರು ಬರೀ ಬಿಎಸ್‌ಎ ನೋಡಿ ಮುಂದೆ ಹೋಗುತ್ತಿದ್ದರು. ಅವರಿಗೆ ಬಿಎಂಐಯನ್ನೂ ನೋಡಿ ಅಂತ ಹೇಳಿದೆ.

ಹಂತ 5: ತಾಳೆ ನೋಡುವ ಎಕ್ಸೆಲ್ ಹಾಳೆ

ಪ್ರತಿ ಶೀಟಿಗೂ ಕೈಲೆಕ್ಕ ಹಾಕುತ್ತಾ ಕೂರಲು ನೈಟ್ ಡ್ಯೂಟಿಯಲ್ಲಿ ಆಗುವುದಿಲ್ಲ. ಸಾಫ್ಟ್‌ವೇರ್ ಕಂಪನಿಯವರು ಸರಿ ಮಾಡುವವರೆಗೆ ಒಂದು ಹಾಳೆ ಮಾಡಿದೆ. B ಕಾಲಂನಲ್ಲಿ ಶೀಟಿನ ತೂಕ, C ಯಲ್ಲಿ ಎತ್ತರ. D, E, F ಗಳಲ್ಲಿ ಅಚ್ಚಾದ ಬಿಎಂಐ, ಬಿಎಸ್‌ಎ, ದ್ರವ. G, H, I ಗಳಲ್ಲಿ ಆ ಮೂರು ಅಂಕಿಗಳಿಂದ ಹಿಂದಕ್ಕೆ ಬಂದ ಮೂರು ತೂಕ.

```
G2: =D2*(C2/100)^2
H2: =E2^2*3600/C2
I2: =IF(F2<=1000,F2/100,IF(F2<=1500,10+(F2-1000)/50,20+(F2-1500)/20))
```

ಮೂರೂ B ಯಲ್ಲಿರುವ ತೂಕಕ್ಕೆ ಹತ್ತಿರ ಇರಬೇಕು. ನಮ್ಮ ಹುಡುಗಿಯ ಶೀಟು ಹಾಕಿದರೆ 22.0, 18.1, 19.0 ಅಂತ ಸಾಲಾಗಿ ಬರುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೊದಲು 100 ಗ್ರಾಂ ವ್ಯತ್ಯಾಸ ಬಂದರೆ ಕೆಂಪು ಬಣ್ಣ ಬರುವ ಹಾಗೆ ಇಟ್ಟೆ. ಅದು ಕೆಲಸಕ್ಕೆ ಬರಲಿಲ್ಲ. ಸರಿ ಇದ್ದ ಶೀಟುಗಳೂ ಅರ್ಧಕ್ಕರ್ಧ ಕೆಂಪಾದವು. ಕಾರಣ ಮೊಟಕು ಮಾಡುವುದು. ಬಿಎಸ್‌ಎ 0.85 ಅಂತ ಅಚ್ಚಾದರೆ ನಿಜ 0.845ರಿಂದ 0.855ರ ನಡುವೆ ಎಲ್ಲಾದರೂ ಇರಬಹುದು. ತೂಕಕ್ಕೆ ತಿರುಗಿಸಿದರೆ ಆ ಸಣ್ಣ ಸಂದು ಆಚೆ ಈಚೆ ಕಾಲು ಕೆಜಿ ಆಗುತ್ತದೆ. ಎಲ್ಲಾ ಕೆಂಪಾದರೆ ಎರಡು ದಿನದಲ್ಲಿ ಯಾರೂ ಕೆಂಪನ್ನು ನೋಡುವುದೇ ಇಲ್ಲ. ಆಮೇಲೆ ನೂರಕ್ಕೆ 3ರ ಗಡಿ ಇಟ್ಟೆ. 22 ಕೆಜಿಗೆ ಅದು 660 ಗ್ರಾಂ. ಸುಳ್ಳು ಕೆಂಪು ನಿಂತಿತು, ನಿಜವಾದ ತಪ್ಪುಗಳು ಉಳಿದವು.

```
=IF(MAX(ABS(G2-B2),ABS(H2-B2),ABS(I2-B2))>0.03*B2,"ಮತ್ತೆ ನೋಡಿ","")
```

10 ಕೆಜಿಗಿಂತ ಕಡಿಮೆ ಇರುವ ಕೂಸುಗಳಿಗೆ ಈ ಗಡಿ ಹೊಂದುವುದಿಲ್ಲ. 4 ಕೆಜಿ ಮಗುವಿನ ಬಿಎಸ್‌ಎ 0.24ರಲ್ಲಿ ಮೊಟಕಿನ ಸಂದೇ ನೂರಕ್ಕೆ 4 ದಾಟುತ್ತದೆ. ಅವರಿಗೆ ಬಿಎಸ್‌ಎಯನ್ನು ಮೂರು ದಶಮಾಂಶದಲ್ಲಿ ಅಚ್ಚು ಹಾಕುವ ಹಾಗೆ ಸೆಟ್ಟಿಂಗ್ ಬದಲಿಸಿಕೊಂಡೆವು.

ಇಲ್ಲಿ ಇನ್ನೊಂದು ಗೊಂದಲ ಬಂತು. ಒಬ್ಬ ಸಿಸ್ಟರ್ ಇದೇ ಮಗುವಿಗೆ ಗಂಟೆಗೆ 62 ಮಿಲಿ ಅಂತ ಬರೆದಿದ್ದರು. ನನ್ನ ಲೆಕ್ಕ 64. ಯಾರದು ತಪ್ಪು? ಯಾರದೂ ಅಲ್ಲ. ಅವರು ಹಾಕಿದ್ದು 4-2-1 ಲೆಕ್ಕ: ಮೊದಲ 10 ಕೆಜಿಗೆ ಗಂಟೆಗೆ 40, ಮುಂದಿನ 10ಕ್ಕೆ 20, ಉಳಿದ 2ಕ್ಕೆ 2. ಅದು 100-50-20 ಲೆಕ್ಕವನ್ನು 24ರಿಂದ ಭಾಗಿಸಿ ಸುಲಭಕ್ಕೆ ಅಂತ ದುಂಡು ಮಾಡಿದ್ದು. ದಿನಕ್ಕೆ 50 ಮಿಲಿ ಚಿಲ್ಲರೆ ಕಡಿಮೆ ಬರುತ್ತದೆ. ವಾರ್ಡಿನಲ್ಲಿ ಎರಡರಲ್ಲಿ ಒಂದನ್ನೇ ಬಳಸೋಣ ಅಂತ ತೀರ್ಮಾನ ಮಾಡಿದೆವು. ಇಲ್ಲದಿದ್ದರೆ ಶಿಫ್ಟ್ ಬದಲಾದಾಗೆಲ್ಲ ಡ್ರಿಪ್ ವೇಗ ಬದಲಾಗುತ್ತಾ ಹೋಗುತ್ತದೆ. ಮಿಲಿಗೆ 60 ಹನಿ ಬೀಳುವ ಮೈಕ್ರೋ ಸೆಟ್ಟಿನಲ್ಲಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ, ಹಾಗಾಗಿ ಎಣಿಸಿ ತಾಳೆ ನೋಡುವುದು ಸುಲಭ.

ಹಂತ 6: ತೂಕದ ಯಂತ್ರ, ಗೋಡೆಯ ಪಟ್ಟಿ

ಹಾಳೆ ಸರಿಯಾಗಿ ಕೆಲಸ ಮಾಡಿದ ಮೇಲೆ ಅದರ ಮಿತಿ ಕಣ್ಣಿಗೆ ಬಿತ್ತು. ಅದು ನೋಡುವುದು ಬರೀ ಲೆಕ್ಕವನ್ನು. ಶೀಟಿನಲ್ಲಿ ಬರೆದ ತೂಕವೇ ತಪ್ಪಿದ್ದರೆ ಮೂರೂ ಅಂಕಿ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಹಾಳೆ ಸುಮ್ನೆ ಇರುತ್ತದೆ. 118ರ ಬದಲು 108 ಹಾಕಿದಾಗಲೂ ಅಷ್ಟೇ. ಅದಕ್ಕೆ ಹಳೆ ಅಳತೆಯ ಒಂದು ಕಾಲಂ ಸೇರಿಸಿದೆ. ಹೋದ ವರ್ಷ 112 ಇದ್ದ ಮಗು ಈ ವರ್ಷ 108 ಆಗುವುದಿಲ್ಲ. ಮೊದಲ ಸಲ ಬಂದವರಿಗೆ ಆ ದಾರಿ ಇಲ್ಲ. ಅಳತೆ ಮಾಡುವ ಸಾಧನವನ್ನೇ ನೋಡಬೇಕು.

ನಮ್ಮ ಮಾವನವರ ಕಡೆಯವರದ್ದು ಒಂದು ಅಡಿಕೆ ಮಂಡಿ ಇದೆ. ಅಲ್ಲಿಂದ ಇಲಾಖೆಯ ಮುದ್ರೆ ಇರುವ 10 ಕೆಜಿಯ ಎರಡು ಕಬ್ಬಿಣದ ಕಲ್ಲು ಒಂದು ದಿನಕ್ಕೆ ತಂದೆ. ವಾರ್ಡಿನ ಡಿಜಿಟಲ್ ತೂಕದ ಯಂತ್ರ ಇಟ್ಟಿದ್ದ ಮೂಲೆಯಲ್ಲೇ ಎರಡೂ ಕಲ್ಲು ಇಟ್ಟೆ. 19.6 ತೋರಿಸಿತು. ತೆಗೆದು ಮತ್ತೆ ಇಟ್ಟೆ, ಅಷ್ಟೇ ಬಂತು. ಬಗ್ಗಿ ನೋಡಿದರೆ ಯಂತ್ರದ ಒಂದು ಕಾಲು ಎರಡು ಟೈಲ್ಸ್ ಸೇರುವ ಸಂದಿಯಲ್ಲಿ ಇಳಿದಿತ್ತು. ಯಂತ್ರವನ್ನು ಒಂದು ಗೇಣು ಈಚೆ ಎಳೆದೆ. ನಾಲ್ಕೂ ಕಾಲು ಒಂದೇ ಟೈಲ್ಸ್ ಮೇಲೆ ಕೂತಾಗ 20.0 ಬಂತು. ಬ್ಯಾಟರಿ ಬದಲಿಸುವುದು, ಕಂಪನಿಗೆ ಕಳಿಸುವುದು ಯಾವುದೂ ಬೇಕಾಗಲಿಲ್ಲ. ನೆಲದ ಮೇಲೆ ಬಣ್ಣದ ಟೇಪಿನಿಂದ ನಾಲ್ಕು ಮೂಲೆ ಗುರುತು ಹಾಕಿದ್ದೇವೆ.

ಹಾಗಾದರೆ ಹುಡುಗಿಯ 22 ಕೆಜಿ? ಅವಳ ಹೊಲಿಗೆ ಬಿಚ್ಚಿ ಮನೆಗೆ ಕಳಿಸುವ ದಿನ ಹೊಸ ಜಾಗದಲ್ಲಿ ಮತ್ತೆ ತೂಗಿದೆ. ಬರೀ ಫ್ರಾಕಿನಲ್ಲಿ 22.0. ಅಡ್ಮಿಟ್ ಆದ ದಿನ ಜಡಿಮಳೆ. ಉಣ್ಣೆ ಸ್ವೆಟರ್ ಹಾಕಿಕೊಂಡೇ ತೂಗಿದ್ದರು. ಆ ಸ್ವೆಟರನ್ನೂ ತೂಗಿದೆ, 400 ಗ್ರಾಂ ಹತ್ತಿರ ಇತ್ತು. ಸ್ವೆಟರ್ ಹೆಚ್ಚು ಮಾಡಿದ್ದನ್ನು ಟೈಲ್ಸ್ ಸಂದಿ ಕಡಿಮೆ ಮಾಡಿ ಸರಿದೂಗಿಸಿತ್ತು. ಬೇಸಿಗೆಯಲ್ಲಿ ಬಂದಿದ್ದರೆ 21.6 ಅಂತ ಬರೆಯುತ್ತಿದ್ದೆವು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳ ಮೈಮೇಲೆ ಸ್ವೆಟರ್, ಟೊಪ್ಪಿ ಇದ್ದೇ ಇರುತ್ತದೆ. ಕೂಸುಗಳಿಗೆ ಸುತ್ತಿದ ಬಟ್ಟೆ ಬೇರೆ. 5 ಕೆಜಿ ಕೂಸಿಗೆ 400 ಗ್ರಾಂ ಅಂದರೆ ನೂರಕ್ಕೆ 8. ಈಗ ತೂಕದ ಯಂತ್ರದ ಪಕ್ಕ ಒಂದು ಒಣ ಟವೆಲ್ ಇಟ್ಟಿದ್ದೇವೆ. ಬಟ್ಟೆ ಬಿಚ್ಚಿ, ಟವೆಲ್ ಇಟ್ಟು ಸೊನ್ನೆ ಮಾಡಿ, ಅದರ ಮೇಲೆ ಮಲಗಿಸಿ ತೂಗುತ್ತೇವೆ.

ಎತ್ತರದ್ದು ಬೇರೆ ಕತೆ. ಗೋಡೆಗೆ ಅಂಟಿಸಿದ ಜಿರಾಫೆ ಚಿತ್ರದ ಪಟ್ಟಿ ಅದು. ಗೋಡೆಗೆ ಬಣ್ಣ ಹೊಡೆದಾಗ ತೆಗೆದು ಮತ್ತೆ ಅಂಟಿಸಿದ್ದರು. ಸ್ಟೀಲ್ ಟೇಪನ್ನು ನೆಲದಿಂದ ಹಿಡಿದು ನೋಡಿದೆ. ಪಟ್ಟಿಯಲ್ಲಿ 100 ಇರುವ ಕಡೆ ಟೇಪಿನಲ್ಲಿ 101.5. ಇಡೀ ಪಟ್ಟಿ ಒಂದೂವರೆ ಸೆಂಟಿಮೀಟರ್ ಮೇಲೆ ಕೂತಿದೆ. ಎಲ್ಲ ಮಕ್ಕಳೂ ಅಷ್ಟು ಕುಳ್ಳಗಾಗಿದ್ದರು. ನಮ್ಮ ಹುಡುಗಿಯ ನಿಜವಾದ ಎತ್ತರ 119.5. ಇದರಿಂದ ಏನು ಬದಲಾಯಿತು ಅಂತ ಲೆಕ್ಕ ಹಾಕಿದೆ. ಬಿಎಂಐ 15.8 ಇದ್ದದ್ದು 15.4 ಆಯಿತು. ಬಿಎಸ್‌ಎ ಎರಡು ದಶಮಾಂಶದಲ್ಲಿ ಅದೇ 0.85. ದ್ರವ ಅದೇ 1540. ಔಷಧಿಗೂ ಡ್ರಿಪ್ಪಿಗೂ ತೊಂದರೆ ಇಲ್ಲ. ಬೆಳವಣಿಗೆಯ ಚಾರ್ಟಿಗೆ ಮಾತ್ರ ತೊಂದರೆ.

ಪಟ್ಟಿ ಕಿತ್ತು ಸರಿಯಾಗಿ ಅಂಟಿಸಿದೆವು. ತಲೆಯ ಮೇಲೆ ಪುಸ್ತಕ ಇಟ್ಟು ನೋಡುತ್ತಿದ್ದುದನ್ನು ಬಿಟ್ಟು, ಗೋಡೆಗೆ ಸರಿಯಾಗಿ ಕೂರುವ ಮರದ ಮೂಲೆಮಟ್ಟ ಮಾಡಿಸಿದೆವು. ಪುಸ್ತಕ ಓರೆಯಾದರೆ ಒಂದು ಸೆಂಟಿಮೀಟರ್ ಸುಲಭವಾಗಿ ಹೋಗುತ್ತದೆ. 2 ವರ್ಷದ ಒಳಗಿನವರನ್ನು ಮಲಗಿಸಿಯೇ ಅಳೆಯುತ್ತೇವೆ. ಮಲಗಿದಾಗಿನ ಉದ್ದ ನಿಂತ ಎತ್ತರಕ್ಕಿಂತ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಬರುತ್ತದೆ, ಹಾಗಾಗಿ ಹೇಗೆ ಅಳೆದದ್ದು ಅಂತ ಪಕ್ಕದಲ್ಲಿ ಬರೆಯುತ್ತೇವೆ.

ಹಂತ 7: ಈಗ ಎಲ್ಲಿದ್ದೇವೆ

ಸಾಫ್ಟ್‌ವೇರ್ ಕಂಪನಿಯವರಿಗೆ 1450, 0.77ರ ಲೆಕ್ಕವನ್ನು ಸಾಲು ಸಾಲಾಗಿ ಬರೆದು ಕಳಿಸಿದೆವು. ಮೊದಲು "ಸೂತ್ರ ಸರಿ ಇದೆ" ಅಂತ ಉತ್ತರ ಬಂತು. ಸೂತ್ರ ಸರಿಯೇ ಇದೆ. ಹಳೆ ಓಪಿಡಿ ಅಳತೆ ಹಾಕಿದರೆ ಅದೇ ಎರಡು ಅಂಕಿ ಬರುತ್ತವೆ ಅಂತ ತೋರಿಸಿದ ಮೇಲೆ ಒಪ್ಪಿಕೊಂಡರು. ತಿದ್ದಿದ ಆವೃತ್ತಿ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಎರಡನೇ ಸಲ ಬಂದ ಪ್ರತಿ ಮಗುವಿಗೂ ನೋಂದಣಿ ಪುಟ ತೆರೆದು ಮತ್ತೆ ಸೇವ್ ಒತ್ತುವುದು, ಆಮೇಲೆ ಎಕ್ಸೆಲ್ ಹಾಳೆಯಲ್ಲಿ ಹಾಕುವುದು. ಮೂರು ತೂಕ ಹೊಂದಿದರೆ ಮಾತ್ರ ಶೀಟಿನ ಮೇಲೆ ಸಣ್ಣ ಸಹಿ ಹಾಕುತ್ತೇವೆ.

ಕೆಲವು ಮಕ್ಕಳನ್ನು ಈ ಹಾಳೆಯಿಂದ ಹೊರಗೆ ಇಟ್ಟಿದ್ದೇವೆ. ಹುಟ್ಟಿ 28 ದಿನ ಆಗದ ಕೂಸುಗಳಿಗೆ 100-50-20 ಹೊಂದುವುದಿಲ್ಲ, ಅವರಿಗೆ ಎಷ್ಟನೇ ದಿನ ಅನ್ನುವುದರ ಮೇಲೆ ಲೆಕ್ಕ. ನೆಫ್ರೋಟಿಕ್ ಮಗು ಊದಿಕೊಂಡಿದ್ದರೆ ಯಂತ್ರ ತೋರಿಸುವ ತೂಕದಲ್ಲಿ ನೀರೂ ಸೇರಿರುತ್ತದೆ, ಊತ ಬರುವ ಮೊದಲಿನ ತೂಕವನ್ನು ಮನೆಯವರನ್ನು ಕೇಳಿ, ಹಳೆ ಫೈಲು ನೋಡಿ ಡಾಕ್ಟರೇ ತೀರ್ಮಾನಿಸುತ್ತಾರೆ. ಕಿಡ್ನಿ, ಹೃದಯದ ತೊಂದರೆ ಇರುವವರಿಗೆ, ಡೆಂಗಿ ಮಕ್ಕಳಿಗೆ ಶೀಟಿನ ದ್ರವದ ಅಂಕಿಯನ್ನು ನಾವು ಬಳಸುವುದೇ ಇಲ್ಲ. ಆಪರೇಷನ್ ಆದವರಿಗೂ, ಜೋರಾಗಿ ಕಾಯಿಲೆ ಬಿದ್ದವರಿಗೂ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಡಾಕ್ಟರು ಎಷ್ಟೋ ಸಲ ಈ ಅಂಕಿಯ ಮೂರನೇ ಎರಡು ಪಾಲು ಮಾತ್ರ ಬರೆಯುತ್ತಾರೆ. ಆಗ ಶೀಟಿನ ಅಂಕಿಗೂ ಡ್ರಿಪ್ಪಿಗೂ ತಾಳೆ ಆಗದಿದ್ದರೆ ಅದು ತಪ್ಪಲ್ಲ. ಆ ಆದೇಶದ ಕೆಳಗೆ ಕಾರಣವನ್ನೂ ಒಂದು ಸಾಲು ಬರೆಯಿರಿ ಅಂತ ಡಾಕ್ಟರನ್ನು ಕೇಳಿಕೊಂಡಿದ್ದೇವೆ, ರಾತ್ರಿ ಬರುವ ಸಿಸ್ಟರ್ ಅದನ್ನು 1540ಕ್ಕೆ "ಸರಿ" ಮಾಡಿಬಿಡಬಾರದು ಅಂತ.

ತೂಕದ ಕಲ್ಲನ್ನು ಮಂಡಿಗೆ ವಾಪಸ್ ಕೊಟ್ಟಾಗಿದೆ. ಮೂರು ತಿಂಗಳಿಗೊಮ್ಮೆ ಕೊಡುತ್ತೇವೆ ಅಂದಿದ್ದಾರೆ. ಮುಂದಿನ ಸಲ ಹೆರಿಗೆ ವಾರ್ಡಿನ ಕೂಸು ತೂಗುವ ಯಂತ್ರವನ್ನೂ ನೋಡಬೇಕು. ಅದಕ್ಕೆ 2 ಕೆಜಿಯ ಕಲ್ಲು ಬೇಕು.